16 ಪದ, 16 ಬಿಟ್: ಡಿ ಬ್ರೈನ್ ಗ್ರಾಫ್‌ನಲ್ಲಿ ಸುತ್ತು ಹಾಕಿ ಸರಣಿ ಕಟ್ಟುವುದು ಹೇಗೆ?

0 ಮತ್ತು 1 ಬಳಸಿ ನಾಲ್ಕು ಬಿಟ್‌ಗಳ ಪದಗಳನ್ನು ಬರೆದರೆ ಒಟ್ಟು 16 ಸಿಗುತ್ತವೆ. 0000 ಇಂದ ಶುರುವಾಗಿ 1111 ವರೆಗೆ. ಎಲ್ಲವನ್ನೂ ಒಂದರ ಪಕ್ಕ ಒಂದು ಜೋಡಿಸಿದರೆ 64 ಬಿಟ್ ಆಗುತ್ತದೆ. ಈಗ ಈ ಸಾಲು ನೋಡಿ:

```
0000100110101111
```

ಇದರಲ್ಲಿ ಇರುವುದು 16 ಬಿಟ್ ಅಷ್ಟೇ. ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿಗೆ ಬಂದು ಸುತ್ತಾಗಿ ಓದಿ. ಒಂದೊಂದೇ ಬಿಟ್ ಮುಂದೆ ಸರಿಯುತ್ತಾ, ನಾಲ್ಕು ನಾಲ್ಕು ಬಿಟ್ ನೋಡುತ್ತಾ ಹೋದರೆ 16 ಪದಗಳೂ ಬರುತ್ತವೆ, ಯಾವುದೂ ಎರಡು ಸಲ ಬರುವುದಿಲ್ಲ. ಪ್ರತಿ ಪದವೂ ಹಿಂದಿನ ಪದದ ಮೂರು ಬಿಟ್‌ಗಳನ್ನು ಹಂಚಿಕೊಳ್ಳುತ್ತದೆ. ಹಾಗಾಗಿ ಒಂದು ಹೊಸ ಪದಕ್ಕೆ ಒಂದೇ ಹೊಸ ಬಿಟ್ ಸಾಕು. ಇದಕ್ಕಿಂತ ಚಿಕ್ಕದು ಸಾಧ್ಯವೇ ಇಲ್ಲ.

ಇಂಥ ಸಾಲಿಗೆ ಡಿ ಬ್ರೈನ್ ಸರಣಿ ಅಂತ ಹೆಸರು. ಡಚ್ ಗಣಿತಜ್ಞ ಎನ್. ಜಿ. ಡಿ ಬ್ರೈನ್ 1946ರಲ್ಲಿ ಇಂಥ ಸರಣಿಗಳು ಎಷ್ಟಿವೆ ಅಂತ ಲೆಕ್ಕ ಹಾಕಿದರು. ಫ್ರಾನ್ಸಿನ ಫ್ಲೈ ಸೇಂಟ್-ಮೇರಿ 1894ರಲ್ಲೇ ಅದೇ ಉತ್ತರ ಕೊಟ್ಟಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು.

ಮೂರು ಬಿಟ್‌ಗಳ ಒಂದು ಸರಣಿ ನಿಮಗೆ ಈಗಾಗಲೇ ಬಾಯಿಪಾಠ ಇರಬಹುದು. ಛಂದಸ್ಸಿನ ಪಾಠದ "ಯಮಾತಾರಾಜಭಾನಸಲಗಂ" ನೆನಪಿದೆ ಅಲ್ವಾ? ಲಘುವಿಗೆ 0, ಗುರುವಿಗೆ 1 ಹಾಕಿ ಬರೆಯಿರಿ: 0111010001. ಮೊದಲ ಮೂರು ಅಕ್ಷರ ಯಮಾತಾ, ಅಂದರೆ 011, ಅದೇ ಯಗಣ. ಒಂದು ಅಕ್ಷರ ಸರಿದರೆ ಮಾತಾರಾ, 111, ಮಗಣ. ಹೀಗೇ ಎಂಟೂ ಗಣಗಳು ಒಂದೊಂದು ಸಲ ಬರುತ್ತವೆ. ಕೊನೆಯ "ಲಗಂ" ಯಾಕಿದೆ ಗೊತ್ತಾ? ಅದರ 01 ಮೊದಲ ಎರಡು ಅಕ್ಷರಗಳ 01ರ ಪುನರಾವರ್ತನೆ. ಸುತ್ತಾಗಿ ಓದುವುದಾದರೆ 8 ಅಕ್ಷರ ಸಾಕು. ಸುತ್ತದೆ ನೇರವಾಗಿ ಓದುವುದಾದರೆ ಕೊನೆಯ ಗಣಗಳು ಪೂರ್ತಿಯಾಗಲು ಇನ್ನೆರಡು ಬೇಕು. ಈ ವ್ಯತ್ಯಾಸ ಮನಸ್ಸಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಈಗ ನಾಲ್ಕು ಬಿಟ್‌ಗಳ ಸರಣಿಯನ್ನು ನಾವೇ ಕಟ್ಟೋಣ. ಒಂದು ಹಾಳೆ, ಪೆನ್ನು ತೆಗೆದುಕೊಂಡು ಜೊತೆಯಲ್ಲೇ ಬರೆದರೆ ಜಾಸ್ತಿ ಅರ್ಥವಾಗುತ್ತದೆ.

## ಹಂತ 1: ಪದಗಳನ್ನು ಬಾಣ ಮಾಡಿ

ಮೊದಲಿಗೆ ಎಲ್ಲರಿಗೂ ಹೊಳೆಯುವುದು ಹೀಗೆ: 16 ಪದಗಳನ್ನು 16 ಬಿಂದು, ಅಂದರೆ ನೋಡ್‌ಗಳಾಗಿ ಬರೆಯೋಣ, ಒಂದರ ಬಾಲ ಇನ್ನೊಂದರ ತಲೆಗೆ ಹೊಂದಿದರೆ ನಡುವೆ ಗೆರೆ ಎಳೆಯೋಣ, ಆಮೇಲೆ ಎಲ್ಲ ನೋಡ್‌ಗಳನ್ನೂ ಒಂದೊಂದೇ ಸಲ ಮುಟ್ಟುವ ದಾರಿ ಹುಡುಕೋಣ. ಇದು ತಪ್ಪಲ್ಲ. ಆದರೆ ಪ್ರತಿ ನೋಡನ್ನು ಒಂದೇ ಸಲ ಮುಟ್ಟುವ ದಾರಿ, ಅಂದರೆ ಹ್ಯಾಮಿಲ್ಟನ್ ಸುತ್ತು, ಸಾಮಾನ್ಯ ಗ್ರಾಫ್‌ಗಳಲ್ಲಿ ಹುಡುಕುವುದು ತುಂಬಾ ಕಷ್ಟದ ಕೆಲಸ. ಮುಂದೆ ಹೋಗಿ, ಸಿಕ್ಕಿಕೊಂಡು, ಹಿಂದೆ ಬಂದು, ಮತ್ತೆ ಬೇರೆ ಕಡೆ ಹೋಗಿ ನೋಡಬೇಕು.

ಸರಿಯಾದ ಉಪಾಯ ಬೇರೆ. ಪದವನ್ನು ನೋಡ್ ಮಾಡಬೇಡಿ, ಬಾಣ ಮಾಡಿ. ನೋಡ್‌ಗಳಲ್ಲಿ ಮೂರೇ ಬಿಟ್ ಇರಲಿ. 0110 ಅನ್ನುವ ಪದದ ಮೊದಲ ಮೂರು ಬಿಟ್ 011, ಕೊನೆಯ ಮೂರು 110. ಹಾಗಾಗಿ 0110 ಅಂದರೆ 011 ಇಂದ 110ಕ್ಕೆ ಹೋಗುವ ಬಾಣ. ಆ ಬಾಣದ ಮೇಲೆ ಹೊಸದಾಗಿ ಸೇರಿದ ಬಿಟ್ 0 ಅಂತ ಬರೆಯಿರಿ.

ಈಗ ಕೆಲಸ ಬದಲಾಯಿತು. ಪ್ರತಿ ಬಾಣದ ಮೇಲೂ ಒಂದೇ ಸಲ ನಡೆದು ಹೊರಟಲ್ಲಿಗೇ ಬರಬೇಕು. ಇದೇ ಆಯ್ಲರ್ ಸುತ್ತು. 1736ರಲ್ಲಿ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಬಗ್ಗೆ ಗಣಿತಜ್ಞ ಆಯ್ಲರ್ ಉತ್ತರಿಸಿದ ಪ್ರಶ್ನೆಯ ಜಾತಿಯದ್ದೇ ಇದು. ಇಂಥ ಸುತ್ತು ಇದೆಯೋ ಇಲ್ಲವೋ ಅಂತ ಸುಮ್ನೆ ಎಣಿಸಿ ಹೇಳಬಹುದು, ಇದ್ದರೆ ನೇರವಾಗಿ ಕಟ್ಟಲೂಬಹುದು.

## ಹಂತ 2: ಗ್ರಾಫ್ ಬರೆಯಿರಿ

ಒಂದು ನೋಡ್‌ನಿಂದ ಹೊರಡಲು ಒಂದೇ ನಿಯಮ: ಎಡತುದಿಯ ಬಿಟ್ ಬಿಡಿ, ಬಲತುದಿಗೆ 0 ಅಥವಾ 1 ಸೇರಿಸಿ. ಪೂರ್ತಿ ಪಟ್ಟಿ ಇಲ್ಲಿದೆ. ಮೊದಲನೆಯದು 0 ಸೇರಿಸಿದಾಗ, ಎರಡನೆಯದು 1 ಸೇರಿಸಿದಾಗ ಸಿಗುವ ನೋಡ್.

```
000 -> 000, 001
001 -> 010, 011
010 -> 100, 101
011 -> 110, 111
100 -> 000, 001
101 -> 010, 011
110 -> 100, 101
111 -> 110, 111
```

8 ನೋಡ್, 16 ಬಾಣ. ಇದೇ ಡಿ ಬ್ರೈನ್ ಗ್ರಾಫ್. 000 ಮತ್ತು 111 ತಮ್ಮಿಂದ ತಮಗೇ ಒಂದೊಂದು ಬಾಣ ಹೊಂದಿವೆ. ಕೈಯಲ್ಲಿ ಬರೆಯುವಾಗ ಈ ಎರಡು ಕುಣಿಕೆಗಳೇ ಬಿಟ್ಟುಹೋಗುವುದು. ಬಿಟ್ಟರೆ ಸರಣಿಯಲ್ಲಿ 0000 ಮತ್ತು 1111 ಇರುವುದಿಲ್ಲ, ಉದ್ದ 14ಕ್ಕೆ ನಿಲ್ಲುತ್ತದೆ.

## ಹಂತ 3: ಸುತ್ತು ಇದೆಯೇ ಅಂತ ನೋಡಿ

ಎರಡು ವಿಷಯ ಗಮನಿಸಬೇಕು. ಮೊದಲನೆಯದು, ಪ್ರತಿ ನೋಡ್‌ಗೆ ಬರುವ ಬಾಣಗಳು ಮತ್ತು ಹೊರಡುವ ಬಾಣಗಳು ಸಮ ಇರಬೇಕು. ಹೊರಡುವುದು ಎರಡು ಅನ್ನುವುದು ಪಟ್ಟಿಯಲ್ಲೇ ಕಾಣುತ್ತದೆ. ಬರುವುದು? 101ಕ್ಕೆ ಬರಬೇಕಾದರೆ ಹಿಂದಿನ ನೋಡ್‌ನ ಕೊನೆಯ ಎರಡು ಬಿಟ್ 10 ಆಗಿರಬೇಕು. ಅದರ ಮೊದಲ ಬಿಟ್ 0 ಅಥವಾ 1. ಅಂದರೆ 010 ಮತ್ತು 110. ಎಲ್ಲ ನೋಡ್‌ಗೂ ಇದೇ ಮಾತು ಅನ್ವಯಿಸುತ್ತದೆ, ಬರುವುದೂ ಎರಡೇ.

ಎರಡನೆಯದು, ಎಲ್ಲಿಂದ ಎಲ್ಲಿಗಾದರೂ ಹೋಗಲು ಸಾಧ್ಯವಾಗಬೇಕು. ಇದು ಇನ್ನೂ ಸುಲಭ. 110ಕ್ಕೆ ಹೋಗಬೇಕೇ? ಎಲ್ಲೇ ಇದ್ದರೂ 1, 1, 0 ಅಂತ ಮೂರು ಹೆಜ್ಜೆ ಹಾಕಿ. ಹಳೆಯ ಮೂರು ಬಿಟ್ ಉದುರಿ 110 ಮಾತ್ರ ಉಳಿಯುತ್ತದೆ.

ಎರಡೂ ಸರಿಯಿದ್ದರೆ ಆಯ್ಲರ್ ಸುತ್ತು ಇದ್ದೇ ಇರುತ್ತದೆ.

## ಹಂತ 4: ನಡೆಯಿರಿ, ಸಿಕ್ಕಿಕೊಳ್ಳಿ, ಸೇರಿಸಿ

ಇಲ್ಲಿ ಬಳಸುವುದು ಜರ್ಮನಿಯ ಹಿಯರ್‌ಹೋಲ್ಟ್‌ಸರ್ ಅವರ ವಿಧಾನ. 1873ರಲ್ಲಿ, ಅವರು ತೀರಿಕೊಂಡ ಮೇಲೆ ಪ್ರಕಟವಾಯಿತು. 000 ಇಂದ ಹೊರಡೋಣ. ಪ್ರತಿ ನೋಡ್‌ನಲ್ಲೂ 0 ಬಾಣ ಉಳಿದಿದ್ದರೆ ಅದನ್ನೇ ಹಿಡಿಯೋಣ, ಇಲ್ಲದಿದ್ದರೆ 1. ನಡೆದ ಬಾಣವನ್ನು ಪಟ್ಟಿಯಲ್ಲಿ ಹೊಡೆದುಹಾಕುತ್ತಾ ಹೋಗಿ.

```
000 -0-> 000 -1-> 001 -0-> 010 -0-> 100 -0-> 000
```

ಐದೇ ಹೆಜ್ಜೆಗೆ ಸಿಕ್ಕಿಕೊಂಡೆವು. 000ದ ಎರಡೂ ಬಾಣ ಮುಗಿದಿವೆ, ಆದರೆ ಇನ್ನೂ 11 ಬಾಣ ಬಾಕಿ. ಗಾಬರಿ ಬೇಡ. ಸಿಕ್ಕಿಕೊಂಡಿದ್ದು ಎಲ್ಲಿ ನೋಡಿ: ಹೊರಟ ನೋಡ್‌ನಲ್ಲೇ. ಬೇರೆಲ್ಲೂ ಸಿಕ್ಕಿಕೊಳ್ಳಲು ಸಾಧ್ಯವಿಲ್ಲ. ಬೇರೆ ನೋಡ್‌ಗೆ ಒಂದು ಬಾಣದಿಂದ ಒಳಗೆ ಬಂದರೆ, ಒಳಗೆ ಬಂದ ಸಲ ಹೊರಗೆ ಹೋದ ಸಲಕ್ಕಿಂತ ಒಂದು ಜಾಸ್ತಿ. ಬಾಣಗಳು ಸಮ ಇರುವುದರಿಂದ ಹೊರಡಲು ಒಂದಾದರೂ ಉಳಿದಿರಲೇಬೇಕು. ನಿಮ್ಮ ಹಾಳೆಯಲ್ಲಿ ಬೇರೆ ನೋಡ್‌ನಲ್ಲಿ ಸಿಕ್ಕಿಕೊಂಡರೆ ಯಾವುದೋ ಬಾಣವನ್ನು ತಪ್ಪಾಗಿ ಬರೆದಿದ್ದೀರಿ, ಇಲ್ಲವೇ ಎರಡು ಸಲ ಹೊಡೆದುಹಾಕಿದ್ದೀರಿ ಅಂತಲೇ ಅರ್ಥ.

ಈಗ ನಡೆದ ದಾರಿಯಲ್ಲಿ ಹಿಂದಕ್ಕೆ ಬನ್ನಿ. ಬಾಣ ಉಳಿದಿರುವ ಮೊದಲ ನೋಡ್ 100. ಅಲ್ಲಿಂದ ಹೊಸ ಸುತ್ತು ಶುರು ಮಾಡಿ:

```
100 -1-> 001 -1-> 011 -0-> 110 -0-> 100
```

ಮತ್ತೆ ಹೊರಟಲ್ಲೇ ನಿಂತೆವು. ಈ ಹೊಸ ಸುತ್ತಿನಲ್ಲಿ ಹಿಂದಕ್ಕೆ ಬಂದರೆ 110ರಲ್ಲಿ 1 ಬಾಕಿ ಇದೆ:

```
110 -1-> 101 -0-> 010 -1-> 101 -1-> 011 -1-> 111 -0-> 110
```

ಮತ್ತೆ ಹಿಂದಕ್ಕೆ. 111ರ ಕುಣಿಕೆ ಮಾತ್ರ ಉಳಿದಿದೆ:

```
111 -1-> 111
```

5, 4, 6, 1. ಒಟ್ಟು 16, ಎಲ್ಲ ಬಾಣವೂ ಮುಗಿಯಿತು. ಇನ್ನು ಸೇರಿಸುವುದು. ಮೊದಲ ಸುತ್ತಿನಲ್ಲಿ 100ಕ್ಕೆ ಬಂದಾಗ ತಕ್ಷಣ 000ಕ್ಕೆ ಹೋಗದೆ ಎರಡನೆಯ ಸುತ್ತನ್ನು ಮುಗಿಸಿ ಬನ್ನಿ. ಆ ಸುತ್ತಿನಲ್ಲಿ 110 ಸಿಕ್ಕಾಗ ಮೂರನೆಯದನ್ನು ಮುಗಿಸಿ. ಅದರೊಳಗೆ 111 ಸಿಕ್ಕಾಗ ಕುಣಿಕೆಯನ್ನು ಮುಗಿಸಿ. ಬಾಣಗಳ ಮೇಲಿನ ಬಿಟ್‌ಗಳನ್ನು ಇದೇ ಕ್ರಮದಲ್ಲಿ ಬರೆದರೆ:

```
0100 110 10111 1 0 0 0   =   0100110101111000
```

## ಹಂತ 5: ತಾಳೆ ನೋಡಿ

ಮೊದಲು ಒಂದು ಚಿಕ್ಕ ಪರೀಕ್ಷೆ: ಕೊನೆಯ ಮೂರು ಬಿಟ್ ಹೊರಟ ನೋಡ್ ಆಗಿರಬೇಕು. ಇಲ್ಲಿ 000, ಸರಿಯಿದೆ. ಇಲ್ಲದಿದ್ದರೆ ಸುತ್ತು ಮುಚ್ಚಿಲ್ಲ.

ಆಮೇಲೆ ಪೂರ್ತಿ ಪರೀಕ್ಷೆ. ಸರಣಿಯ ಕೊನೆಗೆ ಅದರದ್ದೇ ಮೊದಲ ಮೂರು ಬಿಟ್ 010 ಸೇರಿಸಿ, ನಾಲ್ಕು ನಾಲ್ಕಾಗಿ ಓದಿ, ದಶಮಾಂಶಕ್ಕೆ ತಿರುಗಿಸಿ. 4, 9, 3, 6, 13, 10, 5, 11, 7, 15, 14, 12, 8, 0, 1, 2. 0 ಇಂದ 15 ವರೆಗೆ ಎಲ್ಲವೂ ಇವೆ, ಯಾವುದೂ ಎರಡು ಸಲ ಇಲ್ಲ.

ಕೊನೆಯ 000ವನ್ನು ತೆಗೆದು ಮುಂದೆ ಇಟ್ಟರೆ ಲೇಖನದ ಮೊದಲಿಗೆ ಕೊಟ್ಟ ಸಾಲೇ ಸಿಗುತ್ತದೆ. ಸುತ್ತು ಒಂದೇ, ಓದಲು ಶುರು ಮಾಡಿದ ಜಾಗ ಬೇರೆ. ಸುತ್ತಾಗಿ ಓದಲು ಆಗದ ಕಡೆ, ಉದಾಹರಣೆಗೆ ನೇರವಾದ ಪಟ್ಟಿಯ ಮೇಲೆ ಅಚ್ಚು ಹಾಕಿ ಸೆನ್ಸರ್‌ನಿಂದ ಜಾಗ ಗುರುತಿಸುವಾಗ, ಮೂರು ಬಿಟ್ ಜಾಸ್ತಿ ಬೇಕು. ಆಗ ಉದ್ದ 19. ಪದದ ಉದ್ದ n ಆದರೆ ನೇರ ಸಾಲಿಗೆ ಬೇಕಾಗುವುದು `2^n + n - 1` ಬಿಟ್.

## ಕೋಡ್‌ನಲ್ಲಿ

ಕೈಯಲ್ಲಿ ಮಾಡಿದ್ದನ್ನೇ ಪೈಥಾನ್ ಮಾಡುತ್ತದೆ. ಹಿಂದಕ್ಕೆ ಬರುವ ಕೆಲಸವನ್ನು ಸ್ಟ್ಯಾಕ್ ನೋಡಿಕೊಳ್ಳುತ್ತದೆ.

```python
def debruijn(n):
    mask = (1 << (n - 1)) - 1
    used = [0] * (mask + 1)
    stack, out = [0], []
    while stack:
        v = stack[-1]
        if used[v] < 2:
            b = used[v]
            used[v] += 1
            stack.append(((v << 1) | b) & mask)
        else:
            out.append(stack.pop())
    out.reverse()
    return "".join(str(v & 1) for v in out[1:])
```

`used[v]` ಅಂದರೆ ಆ ನೋಡ್‌ನಿಂದ ಈಗಾಗಲೇ ಎಷ್ಟು ಬಾಣ ಹೊರಟಿವೆ ಅನ್ನುವ ಲೆಕ್ಕ. ಅದು 0 ಇದ್ದರೆ 0 ಬಾಣ, 1 ಇದ್ದರೆ 1 ಬಾಣ, 2 ಆದರೆ ನೋಡ್ ಮುಗಿಯಿತು. ಎಡತುದಿಯ ಬಿಟ್ ಉದುರಿಸುವುದು `mask`. ನೋಡ್‌ನ ಕೊನೆಯ ಬಿಟ್, ಅಂದರೆ `v & 1`, ಅಲ್ಲಿಗೆ ಬಂದ ಬಾಣದ ಬಿಟ್. `debruijn(4)` ಓಡಿಸಿದರೆ ನಾವು ಕೈಯಲ್ಲಿ ಕಟ್ಟಿದ `0100110101111000` ಬರುತ್ತದೆ.

ಇದು n 2 ಅಥವಾ ಹೆಚ್ಚಿದ್ದಾಗ ಮಾತ್ರ. n = 1 ಆದಾಗ ನೋಡ್‌ನಲ್ಲಿ ಬಿಟ್ಟೇ ಇರುವುದಿಲ್ಲ, ಹಾಗಾಗಿ `v & 1` ಯಾವಾಗಲೂ 0 ಕೊಟ್ಟು `00` ಬರುತ್ತದೆ. ಇನ್ನೊಂದು ಮಾತು: ಇದನ್ನೇ ತನ್ನನ್ನು ತಾನೇ ಕರೆಯುವ ಫಂಕ್ಷನ್ ಆಗಿ ಬರೆಯಬಹುದು, ನೋಡಲೂ ಚೆಂದ. ಆದರೆ ಪೈಥಾನ್‌ನಲ್ಲಿ ಅಂಥ ಕರೆಗಳ ಆಳಕ್ಕೆ ಸಾಮಾನ್ಯವಾಗಿ 1000ದ ಮಿತಿ ಇರುತ್ತದೆ. ಸುತ್ತಿನ ಉದ್ದ `2^n` ಆಗಿರುವುದರಿಂದ n ಸ್ವಲ್ಪ ಬೆಳೆದರೂ ಆ ಮಿತಿ ತಟ್ಟುತ್ತದೆ. ಸ್ಟ್ಯಾಕ್ ಬಳಸಿದರೆ ಆ ತಲೆನೋವಿಲ್ಲ.

## 1 ಮೊದಲು ಹಿಡಿದರೆ ಸಿಕ್ಕಿಕೊಳ್ಳುವುದೇ ಇಲ್ಲ

ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಮೇಲೆ 0 ಮೊದಲು ಹಿಡಿದು ಐದೇ ಹೆಜ್ಜೆಗೆ ನಿಂತೆವು. ಅದೇ 000 ಇಂದ ಹೊರಟು, ಈ ಸಲ 1 ಬಾಣ ಉಳಿದಿದ್ದರೆ ಅದನ್ನೇ ಹಿಡಿಯಿರಿ. ಹೀಗೆ ಬರುತ್ತದೆ:

```
1111011001010000
```

ಒಂದೇ ಉಸಿರಿಗೆ 16 ಬಾಣ ಮುಗಿಯಿತು. ಹಿಂದಕ್ಕೆ ಬರಬೇಕಾಗಿಲ್ಲ, ಸೇರಿಸಬೇಕಾಗಿಲ್ಲ. ಇದು ಅದೃಷ್ಟವಲ್ಲ, n ಎಷ್ಟೇ ಇರಲಿ ಹೀಗೇ ಆಗುತ್ತದೆ.

ಕಾರಣ ಹೀಗೆ. ನಡಿಗೆ ನಿಲ್ಲುವುದು 000ದಲ್ಲೇ, ಅದು ನಮಗೆ ಗೊತ್ತು. ನಿಂತಾಗ 000ಕ್ಕೆ ಬರುವ ಎರಡೂ ಬಾಣ ಮುಗಿದಿರುತ್ತವೆ. ಅದರಲ್ಲಿ ಒಂದು 100 ಇಂದ ಬರುವ 0 ಬಾಣ. ನಾವು 1 ಅನ್ನು ಮೊದಲು ಹಿಡಿಯುವವರು, ಹಾಗಾಗಿ 100ರ 0 ಬಾಣ ಹಿಡಿದಿದ್ದೇವೆ ಅಂದರೆ ಅದರ 1 ಬಾಣ ಅದಕ್ಕಿಂತ ಮೊದಲೇ ಮುಗಿದಿದೆ. ಅಂದರೆ 100 ಇಂದ ಹೊರಡುವ ಎರಡೂ ಮುಗಿದಿವೆ. ಹೊರಡುವುದು ಮುಗಿದರೆ ಬರುವುದೂ ಮುಗಿದಿರುತ್ತದೆ. 100ಕ್ಕೆ ಬರುವ ಬಾಣಗಳು 010 ಮತ್ತು 110 ಇಂದ, ಎರಡೂ 0 ಬಾಣಗಳೇ. ಹಾಗಾದರೆ ಆ ಎರಡೂ ನೋಡ್ ಪೂರ್ತಿ ಮುಗಿದಿವೆ. ಇದೇ ತರ್ಕವನ್ನು ಇನ್ನೊಂದು ಹೆಜ್ಜೆ ಹಿಂದಕ್ಕೆ ಒಯ್ದರೆ 001, 101, 011, 111 ಕೂಡ ಮುಗಿದಿವೆ. ಎಲ್ಲ ನೋಡ್ ಮುಗಿಯಿತು ಅಂದರೆ ಎಲ್ಲ ಬಾಣವೂ ಮುಗಿಯಿತು.

ಇದರ ಒಳಗಿನ ಗುಟ್ಟು ಅಂದರೆ ಪ್ರತಿ ನೋಡ್‌ನಿಂದ ನಾವು ಕೊನೆಯ ಸಲ ಹೊರಡುವ ಬಾಣ. 1 ಮೊದಲು ಹಿಡಿದಾಗ 000 ಬಿಟ್ಟು ಉಳಿದ ಎಲ್ಲ ನೋಡ್‌ಗಳ ಕೊನೆಯ ಬಾಣ 0. 0 ಸೇರಿಸುತ್ತಾ ಹೋದರೆ ಎಲ್ಲಿಂದಲಾದರೂ 000ಕ್ಕೇ ಬಂದು ಸೇರುತ್ತೀರಿ. ಆ ಏಳು ಕೊನೆಯ ಬಾಣಗಳು 000ದ ಕಡೆ ಮುಖ ಮಾಡಿದ ಒಂದು ಮರವಾಗುತ್ತವೆ. ಅಂಥ ಯಾವ ಮರವನ್ನಾದರೂ ಆರಿಸಿ, ಅದರ ಬಾಣಗಳನ್ನು ಕೊನೆಗೆ ಉಳಿಸಿಕೊಂಡು ನಡೆದರೆ ಸುತ್ತು ಪೂರ್ತಿಯಾಗುತ್ತದೆ. ಬೇರೆ ಮರ ಆರಿಸಿದರೆ ಬೇರೆ ಸರಣಿ. ಹೀಗಾಗಿ ಸರಣಿಗಳನ್ನು ಎಣಿಸುವುದು ಅಂದರೆ ಮರಗಳನ್ನು ಎಣಿಸುವುದು. ಉತ್ತರ:

```
2^(2^(n-1) - n)
```

n = 3 ಕ್ಕೆ 2, n = 4 ಕ್ಕೆ 16, n = 5 ಕ್ಕೆ 2048. n = 6 ಕ್ಕೆ ಆಗಲೇ 6,71,08,864. ಸುತ್ತಿನ ಆರಂಭ ಎಲ್ಲೇ ಇದ್ದರೂ ಒಂದೇ ಸರಣಿ ಅಂತ ಇಲ್ಲಿ ಎಣಿಸಲಾಗಿದೆ.

## ಕೆಲವು ಪದ ಬೇಡವಾದರೆ

ಎಲ್ಲ ಪದಗಳೂ ಬೇಕಾಗಿರುವುದಿಲ್ಲ, ಕೆಲವನ್ನು ಬಿಡಬೇಕಾಗುತ್ತದೆ. ಆಗ ಹಂತ 3ಕ್ಕೆ ವಾಪಸ್ ಹೋಗಿ ಬಾಣಗಳನ್ನು ಮತ್ತೆ ಎಣಿಸಿ.

1111 ಮಾತ್ರ ಬೇಡ ಅನ್ನಿ. ಅದು ಕುಣಿಕೆ, ತೆಗೆದರೆ 111ಕ್ಕೆ ಬರುವುದೂ ಹೊರಡುವುದೂ ಒಂದೊಂದು ಕಡಿಮೆಯಾಗಿ ಸಮವಾಗಿಯೇ ಇರುತ್ತದೆ. 15 ಬಿಟ್‌ಗಳ ಸುತ್ತು ಸಿಗುತ್ತದೆ. 0101 ಮಾತ್ರ ಬೇಡ ಅಂದರೆ ಕಥೆ ಬೇರೆ. ಅದು 010 ಇಂದ 101ಕ್ಕೆ ಹೋಗುವ ಬಾಣ. ಈಗ 010ಕ್ಕೆ ಬರುವುದು ಎರಡು, ಹೊರಡುವುದು ಒಂದು. 101ರಲ್ಲಿ ಇದಕ್ಕೆ ಉಲ್ಟಾ. ಸುತ್ತು ಸಾಧ್ಯವಿಲ್ಲ. 101ರಲ್ಲಿ ಹೊರಟು 010ರಲ್ಲಿ ಮುಗಿಯುವ ನೇರ ದಾರಿ ಮಾತ್ರ ಸಿಗುತ್ತದೆ. 0101 ಜೊತೆ 1010ವನ್ನೂ ಬಿಟ್ಟರೆ ಲೆಕ್ಕ ಮತ್ತೆ ಸಮವಾಗಿ 14 ಬಿಟ್‌ಗಳ ಸುತ್ತು ಬರುತ್ತದೆ. ಬಿಡುವ ಬಾಣಗಳು ತಾವೇ ಸುತ್ತಾಗಿದ್ದರೆ ಸಮತೋಲ ಕೆಡುವುದಿಲ್ಲ. ಉಳಿದ ಬಾಣಗಳು ಬೇರೆ ಬೇರೆ ತುಂಡುಗಳಾಗಿಲ್ಲ ಅನ್ನುವುದನ್ನು ಮಾತ್ರ ನೋಡಿಕೊಳ್ಳಬೇಕು.

ಇಲ್ಲೇ ಒಂದು ಬಗ್ ತಲೆ ಎತ್ತುತ್ತದೆ. ಮೇಲಿನ ಕೋಡ್‌ನಲ್ಲಿ `out.reverse()` ಮರೆತರೆ ಏನಾಗುತ್ತದೆ? `debruijn(4)` ಕೊಡುವುದು `0011110101100100`. ತಾಳೆ ನೋಡಿ, 16 ಪದಗಳೂ ಇವೆ! ನೋಡ್‌ಗಳನ್ನು ಹಿಂದುಮುಂದಾಗಿ ಓದಿದಾಗ ಸರಣಿ ತಿರುಗಿ ಬರುತ್ತದೆ, ಪ್ರತಿ ಪದವೂ ತಿರುಗುತ್ತದೆ. ಎಲ್ಲ 16 ಪದಗಳನ್ನೂ ತಿರುಗಿಸಿದರೆ ಸಿಗುವುದು ಅದೇ 16 ಪದ. ಹಾಗಾಗಿ ಪರೀಕ್ಷೆ ಪಾಸ್, ತಪ್ಪು ಒಳಗೇ ಉಳಿಯುತ್ತದೆ.

ಅದನ್ನು ಹೊರಗೆ ಎಳೆಯಲು ಈ ಆರು ಪದಗಳನ್ನು ಬಿಡಿ: 0010, 0101, 1011, 0110, 1100, 1001. ಇವು 001011 ಅನ್ನುವ ಆರು ಬಿಟ್‌ಗಳನ್ನು ಸುತ್ತಾಗಿ ಓದಿದಾಗ ಸಿಗುವ ಪದಗಳು, ಹಾಗಾಗಿ ಸಮತೋಲ ಹಾಗೇ ಇರುತ್ತದೆ. ಉಳಿದ 10 ಬಾಣಗಳ ಸುತ್ತು ಹೀಗಿದೆ:

```
000 -0-> 000 -1-> 001 -1-> 011 -1-> 111 -1-> 111
    -0-> 110 -1-> 101 -0-> 010 -0-> 100 -0-> 000
```

ಸರಣಿ `0111101000`. ಇದನ್ನು ತಿರುಗಿಸಿದರೆ `0001011110`. ಉದ್ದ ಈಗಲೂ 10, ಪದಗಳೂ 10, ಎಲ್ಲವೂ ಬೇರೆ ಬೇರೆ. ಆದರೆ ಎರಡನೆಯ ಪದವೇ 0010, ನಾವು ಬೇಡ ಅಂದಿದ್ದು. ಆದ್ದರಿಂದ ಪರೀಕ್ಷೆಯಲ್ಲಿ ಪದಗಳ ಸಂಖ್ಯೆ ಮಾತ್ರ ನೋಡಬೇಡಿ, ಬೇಕಾದ ಪದಗಳ ಗುಂಪಿನ ಜೊತೆಗೇ ಹೋಲಿಸಿ:

```python
def check(s, n, words):
    t = s + s[:n - 1]
    seen = [t[i:i + n] for i in range(len(s))]
    return sorted(seen) == sorted(words)
```

`sorted` ಬಳಸಿರುವುದಕ್ಕೆ ಕಾರಣವಿದೆ. `set` ಮಾಡಿ ಹೋಲಿಸಿದರೆ ಎರಡು ಸಲ ಬಂದ ಪದ ಒಂದೇ ಆಗಿ ಕಾಣುತ್ತದೆ, ಒಂದೇ ಬಾಣದ ಮೇಲೆ ಎರಡು ಸಲ ನಡೆದ ತಪ್ಪು ಸಿಗುವುದಿಲ್ಲ.